ಬೇಡವಾದ ಎರಡು ತಿದ್ದುಪಡಿ

ಶೇಂಗಾ ಚಟ್ನಿಯ ಪ್ಯಾಕೆಟ್ ವಿನ್ಯಾಸಕ್ಕೆ ನಾನು ಕೊಟ್ಟ ಕೊಟೇಶನ್ನನ್ನು ಹುಬ್ಬಳ್ಳಿಯ ಚಟ್ನಿ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯ ಗಾದಿಯ ಮೇಲೆ ಕೂತು ನಿಧಾನವಾಗಿ ಓದಿದರು. ಮುಂದಿನ, ಹಿಂದಿನ ಬದಿಯ ವಿನ್ಯಾಸ, ತೋರಿಸಿದ ಮೇಲೆ ಗಿರಾಕಿ ಕೇಳಿದರೆ ಎರಡು ತಿದ್ದುಪಡಿ, ಹತ್ತು ದಿನದಲ್ಲಿ ಕೆಲಸ, ಅರ್ಧ ಮುಂಗಡ, ಉಳಿದದ್ದು ಪ್ರಿಂಟ್ ಫೈಲ್ ಕೊಡುವ ಮೊದಲು.

"ಮೊದಲನೇ ಸಲಾನ ಛಲೋ ಮಾಡಿದ್ರ ತಿದ್ದುಪಡಿ ಯಾಕ ಬೇಕ್ರಿ? ಅದನ್ನ ತಗದು ರೇಟ್ ಕಮ್ಮಿ ಮಾಡ್ರಿ."

ನನಗೆ ಸಿಟ್ಟು ಬಂತು. 'ತಿದ್ದುಪಡಿ ಇಲ್ಲ' ಎಂದೇ ಬರೆದು, ರೇಟ್ ಇಳಿಸಿ, ಹೊಸ ಕೊಟೇಶನ್ ಕಳಿಸಿದೆ.

ಹೇಳಿದ ದಿನ ವಿನ್ಯಾಸ ತೋರಿಸಿದೆ. "ಛಲೋ ಆಗೇತ್ರಿ" ಎಂದು ಅಲ್ಲೇ ಬಾಕಿ ಕೊಟ್ಟು ಫೈಲ್ ತೆಗೆದುಕೊಂಡರು. ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಅದನ್ನೇ ಮತ್ತೆ ನೋಡಿದೆ. ಮೆಣಸಿನಕಾಯಿಯ ಚಿತ್ರ ಚಟ್ನಿಯ ಹೆಸರಿಗೆ ತೀರಾ ಒತ್ತಿಕೊಂಡಿತ್ತು. ಒಂದು ಬೆರಳಷ್ಟು ಸರಿಸಬೇಕಿತ್ತು. ಸೀಟಿನಲ್ಲಿ ಕೂರಲಾಗದೆ ಫೋನ್ ಮಾಡಿದೆ.

"ಒಂದು ಸಣ್ಣ ತಿದ್ದುಪಡಿ ಐತ್ರಿ. ರೊಕ್ಕಾ ಬ್ಯಾಡ್ರಿ."

"ತಿದ್ದುಪಡಿ ಇಲ್ಲಂತ ನೀವ ಬರದೀರಲ್ರಿ. ಆಗಲೇ ಪ್ರಿಂಟಿಗೆ ಕಳಿಸೇನ್ರಿ. ನನಗಂತೂ ಛಲೋ ಕಾಣತೈತಿ."

ಈಗ ಧಾರವಾಡದ ಸಪ್ತಾಪುರದಲ್ಲಿ ನನ್ನ ರೂಮಿನ ಕೆಳಗಿನ ಕಿರಾಣಿ ಅಂಗಡಿಯಲ್ಲೂ ಆ ಪ್ಯಾಕೆಟ್‌ಗಳು ಸಾಲಾಗಿ ನೇತಾಡುತ್ತವೆ. ಹಾಲಿಗೆ ಹೋದಾಗಲೆಲ್ಲ ನನ್ನ ಕೈ ತಾನಾಗಿ ಅವನ್ನು ಹಿಂಬದಿ ಮುಂದಾಗುವಂತೆ ತಿರುಗಿಸುತ್ತದೆ. ಅಂಗಡಿಯ ಅಕ್ಕ ಮತ್ತೆ ಸರಿ ಮಾಡುತ್ತಾರೆ.

ಕೊಟೇಶನ್ ಈಗಲೂ ಬರೆಯುತ್ತೇನೆ. ಗಿರಾಕಿಗೆ ಎರಡು ತಿದ್ದುಪಡಿ ಎಂದು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ನನಗೆ ಒಂದು.