ಕ್ಯಾನ್ಸಲ್ ಮಾಡಿದ್ದು ಯಾರು

ನನಗೆ ಬೇಗ ಕೋಪ ಬರುತ್ತದೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಕೋಪ ಬಂದ ದಿನವೇ ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ನಮ್ಮ ಇಂಟರ್ನೆಟ್ ಕಂಪನಿ. ಊರಿನ ಮನೆಗಳಿಗೆ, ಭದ್ರಾವತಿಯ ಮನೆಗಳಿಗೆ ನಾವೇ ಕೇಬಲ್ ಎಳೆದು ಕನೆಕ್ಷನ್ ಕೊಡುತ್ತೇವೆ. ತಿಂಗಳ ಬಿಲ್ಲನ್ನು ಜನ ನಮ್ಮ ವೆಬ್‌ಸೈಟಿನಲ್ಲಿ ಕಟ್ಟುತ್ತಾರೆ. ಆ ಪಾವತಿಗಳು ಸರಿಯಾಗಿ ಬಂದವೋ ಇಲ್ಲವೋ ನೋಡುವುದು ನನ್ನ ಕೆಲಸ. ನವುಲೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು, ಒಂದು ಲೋಟ ಕಾಫಿ ಕುಡಿದು ಕಂಪ್ಯೂಟರ್ ತೆರೆದರೆ ನನಗೆ ಬೇರೆ ಪ್ರಪಂಚ ಬೇಡ.

ಭದ್ರಾವತಿಯಲ್ಲಿ ನಮ್ಮದೊಂದು ಸಣ್ಣ ಕೌಂಟರ್ ಇದೆ. ಅಲ್ಲಿ ಕೂರುವವಳು ಆ ಊರಿನ ಉಕ್ಕಿನ ಕಾರ್ಖಾನೆಯ ಕಡೆಯವಳು, ಮನೆಮಾತು ತಮಿಳು, ಕನ್ನಡ ನನಗಿಂತ ಜೋರು. ನಾವು ನಗದು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಜನರಿಗೆ ಮೊಬೈಲಿನಲ್ಲಿ ಬಿಲ್ ಕಟ್ಟುವುದನ್ನು ಹೇಳಿಕೊಟ್ಟವಳು ಅವಳೇ. ಅಲ್ಲಿ ಕಾರ್ಖಾನೆಯಿಂದ ನಿವೃತ್ತರಾದವರು ಹೆಚ್ಚು. ಅವರಲ್ಲಿ ಬಹಳ ಜನಕ್ಕೆ ಯುಪಿಐ ಎಂದರೆ ಅನುಮಾನ, ಡೆಬಿಟ್ ಕಾರ್ಡ್ ಎಂದರೆ ನಂಬಿಕೆ. ಕೌಂಟರಿಗೆ ಬಂದು, ಕನ್ನಡಕ ಹಾಕಿಕೊಂಡು, ಕಾರ್ಡಿನ ನಂಬರನ್ನು ಒಂದೊಂದಾಗಿ ಒತ್ತುತ್ತಾರೆ. ಅವಳು ಪಕ್ಕದಲ್ಲಿ ಕೂತು, ಒಮ್ಮೆಯೂ ಗದರದೆ, ಮುಗಿಯುವ ತನಕ ಕಾಯುತ್ತಾಳೆ. ನನ್ನಿಂದ ಅದು ಈ ಜನ್ಮದಲ್ಲಿ ಸಾಧ್ಯವಿಲ್ಲ.

ಒಂದು ದಿನ ನಮ್ಮ ಯಜಮಾನರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ, ಆದರೆ ಒಂದು ಸಂಖ್ಯೆ ನೋಡಿದರೆ ಅದಕ್ಕೇ ಅಂಟಿಕೊಳ್ಳುವ ಸ್ವಭಾವ.

"ಮೇಡಂ, ಭದ್ರಾವತಿ ಸಕ್ಸೆಸ್ ರೇಟ್ ನೋಡಿದ್ರಾ? ಶಿವಮೊಗ್ಗದಲ್ಲಿ ಚೆನ್ನಾಗೇ ಇದೆ. ಅಲ್ಲಿ ಮಾತ್ರ ಅರ್ಧಕ್ಕರ್ಧ ಫೇಲ್. ಕಾರಣ ನೋಡಿದ್ರೆ, ಗ್ರಾಹಕರೇ ಕ್ಯಾನ್ಸಲ್ ಮಾಡಿದ್ದಾರೆ ಅಂತ ಬರ್ತಿದೆ. ಆಯಮ್ಮ ಏನು ಹೇಳ್ಕೊಡ್ತಿದ್ದಾರೋ ಏನೋ."

"ಅವಳು ಸರಿಯಾಗೇ ಹೇಳ್ಕೊಡ್ತಾಳೆ ಸರ್."

"ಸರಿ ಹೇಳ್ಕೊಟ್ರೆ ಯಾಕೆ ಕ್ಯಾನ್ಸಲ್ ಆಗುತ್ತೆ? ಈ ತಿಂಗಳಿಗೆ ಆ ಕೌಂಟರ್ ಮುಚ್ಚಿಬಿಡೋಣ ಅಂತಿದ್ದೀನಿ. ಬಾಡಿಗೆ, ಸಂಬಳ, ಎಲ್ಲಾ ದಂಡ."

ಅವರು ಹೋದ ಮೇಲೆ ನನ್ನ ಕಾಫಿ ಆರಿತು, ತಲೆ ಬಿಸಿಯಾಯಿತು. ಅವಳ ಗಂಡನಿಗೆ ಕೆಲಸ ಹೋಗಿ ವರ್ಷಗಳಾಗಿದ್ದವು. ಮನೆ ನಡೆಯುತ್ತಿದ್ದುದು ಈ ಕೌಂಟರಿನಿಂದ. ಆದರೆ "ಪಾಪ, ಬಡವಿ" ಎಂದು ಹೋಗಿ ಬೇಡಿಕೊಳ್ಳುವುದು ನನಗೆ ಹಿಡಿಸಲಿಲ್ಲ. ತಪ್ಪು ಅವಳದಾಗಿದ್ದರೆ ಅವಳದು. ಅಲ್ಲದಿದ್ದರೆ ಯಾರದು ಎಂದು ತೋರಿಸಬೇಕು.

ಸಕ್ಸೆಸ್ ರೇಟ್ ಎಂದರೆ ಇಷ್ಟೇ: ಎಷ್ಟು ಸಲ ಪಾವತಿಗೆ ಪ್ರಯತ್ನ ನಡೆಯಿತು, ಅದರಲ್ಲಿ ಎಷ್ಟು ಗೆದ್ದವು. ಆದರೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ರುಚಿ ನೋಡಿದರೆ ಯಾವುದರಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಹೇಗೆ ಗೊತ್ತಾಗಬೇಕು? ಹಾಗಾಗಿ ನಾನು ಮೊದಲು ವಿಧಾನ ನೋಡಿ ಬೇರೆ ಮಾಡಿದೆ. ಯುಪಿಐ ಒಂದು ಕಡೆ, ಕಾರ್ಡ್ ಒಂದು ಕಡೆ, ನೆಟ್ ಬ್ಯಾಂಕಿಂಗ್ ಒಂದು ಕಡೆ. ಭದ್ರಾವತಿಯ ಯುಪಿಐ ಶಿವಮೊಗ್ಗದಷ್ಟೇ ಚೆನ್ನಾಗಿತ್ತು. ಬಿದ್ದಿದ್ದು ಕಾರ್ಡ್ ಮಾತ್ರ. ಆಮೇಲೆ ಕಾರ್ಡುಗಳನ್ನು ಬ್ಯಾಂಕ್ ನೋಡಿ ಬೇರೆ ಮಾಡಿದೆ. ಕೆಲವು ಬ್ಯಾಂಕುಗಳಿಂದ ದಿನಕ್ಕೆ ಒಂದೋ ಎರಡೋ ಪಾವತಿ ಬರುತ್ತವೆ. ಅದರಲ್ಲಿ ಒಂದು ಕೆಟ್ಟರೂ ಪ್ರಳಯ ಆದ ಹಾಗೆ ಕಾಣುತ್ತದೆ. ಅದಕ್ಕೇ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿದೆ.

ಆಗ ಕಂಡಿತು. ಎಲ್ಲ ಬ್ಯಾಂಕುಗಳ ಗೆರೆ ಸ್ವಲ್ಪ ಮೇಲೆ ಕೆಳಗೆ ಆಡಿಕೊಂಡು ನೆಟ್ಟಗೆ ಸಾಗುತ್ತಿತ್ತು. ಒಂದೇ ಒಂದು ಬ್ಯಾಂಕಿನ ಡೆಬಿಟ್ ಕಾರ್ಡಿನ ಗೆರೆ ಒಂದು ವಾರದಲ್ಲಿ ಧೊಪ್ಪನೆ ಬಿದ್ದು, ಆಮೇಲೆ ಏಳದೆ ಮಲಗಿತ್ತು. ಕಾರ್ಖಾನೆಯವರ ಪಿಂಚಣಿ ಬರುವುದು ಅದೇ ಬ್ಯಾಂಕಿಗೆ. ಅಂದರೆ ಭದ್ರಾವತಿಯ ಕಾರ್ಡುಗಳಲ್ಲಿ ಮುಕ್ಕಾಲು ಪಾಲು ಅದರದೇ. ಶಿವಮೊಗ್ಗದಲ್ಲೂ ಆ ಬ್ಯಾಂಕಿನ ಕಾರ್ಡಿನವರು ಇದ್ದರು, ಅವರೂ ಹಾಗೇ ಸೋಲುತ್ತಿದ್ದರು. ಆದರೆ ಅವರು ಕೆಲವೇ ಜನ, ಉಳಿದವರ ಗೆಲುವಿನಲ್ಲಿ ಮುಚ್ಚಿಹೋಗಿದ್ದರು. ತಮಾಷೆ ಎಂದರೆ, ಅದೇ ಬ್ಯಾಂಕಿನ ಖಾತೆಯಿಂದ ಯುಪಿಐ ಮಾಡಿದವರಿಗೆ ಏನೂ ತೊಂದರೆ ಇರಲಿಲ್ಲ. ಬ್ಯಾಂಕೇನೂ ಮುಳುಗಿರಲಿಲ್ಲ.

ಸೋಲಿನ ಕಾರಣಗಳನ್ನೂ ಬಿಡಿಸಿ ನೋಡಿದೆ. ತಪ್ಪು ಓಟಿಪಿ ಒತ್ತಿದವರು, ಖಾತೆಯಲ್ಲಿ ದುಡ್ಡಿಲ್ಲದವರು ಎಲ್ಲ ಬ್ಯಾಂಕಿನಲ್ಲೂ ಇದ್ದರು, ಎಲ್ಲ ವಾರವೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಮನುಷ್ಯರ ತಪ್ಪು ಹಾಗೇ, ಹಂಚಿಕೊಂಡು ಇರುತ್ತದೆ. ಒಂದೇ ಬ್ಯಾಂಕಿನವರೆಲ್ಲ ಒಂದೇ ವಾರದಲ್ಲಿ ಕೂಡಿ ದಡ್ಡರಾಗುವುದಿಲ್ಲ. ಏರಿದ್ದು ಒಂದೇ ಕಾರಣ: ಗ್ರಾಹಕರು ಕ್ಯಾನ್ಸಲ್ ಮಾಡಿದ್ದಾರೆ.

ಗ್ರಾಹಕರ ಬ್ಯಾಂಕಿಗೂ ನಮಗೂ ನಡುವೆ ನಿಂತು ಪಾವತಿ ದಾಟಿಸುವ ಕಂಪನಿಗೆ ನಾವು ಗೇಟ್‌ವೇ ಅನ್ನುತ್ತೇವೆ. ಅವರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ, "ಮ್ಯಾಮ್, ನಮ್ಮ ಕಡೆ ಎಲ್ಲಾ ಸರಿ ಇದೆ, ಕಸ್ಟಮರ್ಸ್ ಪೇಜ್ ಕ್ಲೋಸ್ ಮಾಡ್ತಿದ್ದಾರೆ" ಎಂದಳು.

"ಯಾಕೆ ಕ್ಲೋಸ್ ಮಾಡ್ತಾರೆ ಅಂತ ಕೇಳಿದ್ದೀಯೇನಮ್ಮ?"

"ಅದು ಕಸ್ಟಮರ್ ಇಷ್ಟ, ಮ್ಯಾಮ್."

ನನಗೆ ಮೈಯೆಲ್ಲ ಉರಿಯಿತು. ಫೋನಿಟ್ಟು, ಮರುದಿನ ಬೆಳಿಗ್ಗೆ ಭದ್ರಾವತಿ ಬಸ್ ಹತ್ತಿದೆ. ಮಲವಗೊಪ್ಪ ದಾಟುವವರೆಗೂ ಮನಸ್ಸಿನಲ್ಲೇ ಆ ಹುಡುಗಿಯ ಜೊತೆ ಜಗಳ ಆಡುತ್ತಿದ್ದೆ. ಆಮೇಲೆ ಗಾಳಿಗೆ ಹಿತವಾಗಿ ನಿದ್ದೆ ಬಂತು. ಕಂಡಕ್ಟರ್ ಎಬ್ಬಿಸಬೇಕಾಯಿತು.

ಕೌಂಟರಿನಲ್ಲಿ ಅವಳು ನನ್ನನ್ನು ನೋಡಿ ಎದ್ದು ನಿಂತಳು. ಮುಖ ಸಪ್ಪಗಿತ್ತು. ಯಜಮಾನರು ಆಗಲೇ ಫೋನಿನಲ್ಲಿ ವಿಷಯ ಹೇಳಿದ್ದರು.

"ಲೆಕ್ಕ ಒಪ್ಪಿಸ್ಕೊಳ್ಳೋಕೆ ಬಂದ್ರಾ ಅಕ್ಕ?"

"ಥೂ, ಬಿಡ್ತು ಅನ್ನು. ನೀನು ಹೇಗೆ ಮಾಡ್ತೀಯ ಅಂತ ನೋಡೋಕೆ ಬಂದಿದ್ದೀನಿ. ನಾನಿಲ್ಲ ಅಂದ್ಕೊಂಡು ಮಾಡು."

ನಿವೃತ್ತ ಫಿಟ್ಟರ್ ಒಬ್ಬರು ಬಂದರು. ಕಾರ್ಡಿನ ನಂಬರ್ ಒತ್ತಿದರು, ಎಲ್ಲ ಸರಿ. ಅಲ್ಲಿಂದ ಬ್ಯಾಂಕಿನ ಓಟಿಪಿ ಕೇಳುವ ಪುಟ ಬರಬೇಕು. ಬಂದಿದ್ದು ಬಿಳಿ ಪುಟ, ನಡುವೆ ತಿರುಗುವ ಒಂದು ಚಕ್ರ. ಓಟಿಪಿಯೂ ಬರಲಿಲ್ಲ. ನಾವು ಮೂವರೂ ಅದನ್ನೇ ನೋಡುತ್ತಾ ಕೂತೆವು. ಕೊನೆಗೆ ಅವಳು ಮೆಲ್ಲಗೆ, "ಮುಚ್ಚಿಬಿಡಿ ಸಾರ್, ಮತ್ತೆ ಮೊದಲಿಂದ ಮಾಡೋಣ" ಎಂದಳು. ಅವರು ಮುಚ್ಚಿದರು. ಮತ್ತೆ ಮಾಡಿದರು. ಮತ್ತೆ ಬಿಳಿ ಪುಟ. ಮತ್ತೆ ಮುಚ್ಚಿದರು.

"ದಿನಾ ಹೀಗೇನಾ?"

"ಹೌದಕ್ಕ. ಬೇಜಾರಾಗಿ ಎದ್ದು ಹೋಗ್ತಾರೆ. ನಾನೇ ಇರಿ ಇರಿ ಅಂತ ಮೂರು ನಾಲ್ಕು ಸಲ ಮಾಡಿಸ್ತೀನಿ. ಪಾಪ, ಇಂಟರ್ನೆಟ್ ನಿಂತ್ರೆ ಮನೇಲಿ ಮೊಮ್ಮಕ್ಕಳು ಬಯ್ತಾರಲ್ಲ."

ನನಗೆ ನಗು ಬಂತು, ಆಮೇಲೆ ಲೆಕ್ಕ ಹೊಳೆಯಿತು. ಪುಟ ಮುಚ್ಚಿದಾಗಲೆಲ್ಲ ಗೇಟ್‌ವೇ ಅದನ್ನು 'ಗ್ರಾಹಕರ ಕ್ಯಾನ್ಸಲ್' ಎಂದು ಬರೆದುಕೊಳ್ಳುತ್ತಿತ್ತು. ಅವಳು ತಾಳ್ಮೆಯಿಂದ ಮಾಡಿಸಿದ ಒಂದೊಂದು ಮರುಪ್ರಯತ್ನವೂ ಅವಳ ಹೆಸರಿಗೆ ಒಂದೊಂದು ಸೋಲಾಗಿ ಸೇರುತ್ತಿತ್ತು. ಶಿವಮೊಗ್ಗದ ಜನ ಒಂದು ಸಲ ನೋಡಿ, ಬೈದು, ಬೇರೆ ದಾರಿ ಹಿಡಿಯುತ್ತಿದ್ದರು. ಇಲ್ಲಿ ಈ ಮಾರಾಯ್ತಿ ಯಾರನ್ನೂ ಬಿಡುತ್ತಿರಲಿಲ್ಲ.

"ಸಾರ್, ಈ ಕಾರ್ಡ್ ಬೇರೆ ಕಡೆ ನಡೆಯುತ್ತಾ?" ಎಂದು ಫಿಟ್ಟರನ್ನು ಕೇಳಿದೆ.

"ನಿನ್ನೆ ಕರೆಂಟ್ ಬಿಲ್ ಇದರಲ್ಲೇ ಕಟ್ಟಿದ್ದೀನಮ್ಮ, ಇದೇ ಫೋನಲ್ಲಿ. ನಿಮ್ಮಲ್ಲೇ ನನ್ನ ಕೈ ನಡುಗೋದು."

ಅಲ್ಲಿಗೆ ಮುಗಿಯಿತು. ಬ್ಯಾಂಕು ಸರಿ, ಕಾರ್ಡು ಸರಿ, ಫೋನು ಸರಿ, ಮನುಷ್ಯರೂ ಸರಿ. ಕೆಟ್ಟಿದ್ದು ನಮ್ಮ ಗೇಟ್‌ವೇಗೂ ಆ ಬ್ಯಾಂಕಿನ ಕಾರ್ಡಿಗೂ ನಡುವಿನ ದಾರಿ. ವಾಪಸ್ ಬಂದು ಲೆಕ್ಕವನ್ನು ಇನ್ನೊಂದು ರೀತಿ ಹಾಕಿದೆ. ಎಷ್ಟು ಸಲ ಒತ್ತಿದರು ಎಂದಲ್ಲ, ಕಟ್ಟಲು ಬಂದ ಬಿಲ್ಲುಗಳಲ್ಲಿ ಕೊನೆಗೆ ಎಷ್ಟು ಪಾವತಿಯಾದವು ಎಂದು. ಆ ಒಂದು ಬ್ಯಾಂಕಿನ ಕಾರ್ಡನ್ನು ಬಿಟ್ಟು ನೋಡಿದರೆ ಭದ್ರಾವತಿ ಶಿವಮೊಗ್ಗಕ್ಕಿಂತ ಒಂದು ಕೈ ಮೇಲಿತ್ತು.

ಯಜಮಾನರ ಮುಂದೆ ಗೆರೆಗಳನ್ನು ತೆರೆದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಆಯಮ್ಮನ ತಪ್ಪಲ್ಲ ಅಂತೀರ."

"ನಾನು ಅನ್ನೋದಲ್ಲ ಸರ್. ನೀವೇ ನೋಡಿ. ಎರಡೂ ಊರಲ್ಲಿ, ಒಂದೇ ಬ್ಯಾಂಕು, ಒಂದೇ ವಿಧಾನ, ಒಂದೇ ವಾರದಿಂದ."

"ಗೇಟ್‌ವೇ ಅವ್ರು ಒಪ್ಕೊಳ್ಲಿ. ಅಲ್ಲೀವರೆಗೆ ಕೌಂಟರ್ ವಿಷಯ ಹಂಗೇ ಇರ್ಲಿ."

ಅದೇ ಗೆರೆಗಳನ್ನು, ಸೋತ ಪಾವತಿಗಳ ನಂಬರುಗಳ ಸಮೇತ, ಗೇಟ್‌ವೇಯವರಿಗೆ ಕಳಿಸಿದೆ. ಈ ಸಲ ಆ ಹುಡುಗಿ ತನ್ನ ಮೇಲಿನವರಿಗೆ ಮುಟ್ಟಿಸಿದಳು. ಅವಳ ಮೇಲಿದ್ದ ಸಿಟ್ಟು ನನಗೆ ಅಲ್ಲಿಗೇ ಇಳಿಯಿತು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ತಮ್ಮ ಕಡೆ ಒಂದು ಬದಲಾವಣೆ ಮಾಡಿದಾಗ ಆ ಬ್ಯಾಂಕಿನ ಓಟಿಪಿ ಪುಟದ ಹಳೆಯ ವಿಳಾಸವೇ ಉಳಿದುಬಿಟ್ಟಿತ್ತಂತೆ. "ಸಾರಿ ಮ್ಯಾಮ್, ಈಗ ಸರಿ ಮಾಡಿದ್ದೀವಿ" ಎಂದಳು. ಮಲಗಿದ್ದ ಗೆರೆ ಆ ವಾರವೇ ಎದ್ದು ಉಳಿದವರ ಸಾಲಿಗೆ ಸೇರಿಕೊಂಡಿತು. ತಪ್ಪು ಓಟಿಪಿ ಒತ್ತುವವರು ಮಾತ್ರ ಮೊದಲಿನಷ್ಟೇ ಉಳಿದರು. ಅವರನ್ನು ನೋಡಿದರೆ ನನಗೆ ಈಗಲೂ ಒಂಥರಾ ಸಮಾಧಾನ.

ಯಜಮಾನರು ಭದ್ರಾವತಿಗೆ ಸ್ವತಃ ಹೊರಟರು. ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಕೌಂಟರಿನ ಮುಂದೆ ಬೆಂಚಿನ ಮೇಲೆ ಬಿಲ್ ಕಟ್ಟಲು ಬಂದ ನಾಲ್ಕಾರು ಜನ ಕೂತಿದ್ದರು. ಯಜಮಾನರು ಎಲ್ಲರ ಎದುರಿಗೇ, "ಕೌಂಟರ್ ಎಲ್ಲೂ ಹೋಗಲ್ಲಮ್ಮ. ನಾನೇ ದುಡುಕಿಬಿಟ್ಟೆ" ಎಂದರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ನನಗೆ ಅವರ ಮೇಲೆ ನಿಜವಾಗಿಯೂ ಗೌರವ ಮೂಡಿತು.

ಅವಳು ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಲಸ ಉಳಿದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋಗಿ ಭುಜ ಹಿಡಿದೆ.

"ಇನ್ಯಾಕೆ ಅಳ್ತೀಯ ಮಾರಾಯ್ತಿ? ಕೆಲಸ ಉಳೀತಲ್ಲ."

"ಕೆಲಸಕ್ಕಲ್ಲ ಅಕ್ಕ" ಎಂದಳು. "ಇಷ್ಟು ದಿನ ಇವರಿಗೆಲ್ಲ ನಾನು ಏನು ಹೇಳಿದ್ದೀನಿ ಗೊತ್ತಾ? ನಿಮ್ಮ ಬೆರಳು ಸರಿಯಾಗಿ ಒತ್ತಿಲ್ಲ, ನೀವು ಅವಸರ ಮಾಡಿದ್ರಿ ಅಂತ. ತಪ್ಪು ನಿಂದೇ ಅಂತ ಸರ್ ನನಗೆ ಹೇಳಿದ್ರಲ್ಲ, ಅದನ್ನೇ ನಾನು ಇವರಿಗೆ ಹೇಳ್ತಿದ್ದೆ."

ಆಮೇಲೆ ಅವಳು ಎದ್ದು, ಬೆಂಚಿನ ಮೇಲೆ ಕೂತಿದ್ದವರ ಹತ್ತಿರ ಹೋಗಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ತಪ್ಪು ನಿಮ್ಮದಲ್ಲ ಸಾರ್, ನಿಮ್ಮದಲ್ಲ ಎಂದು ಹೇಳಿ ಬಂದಳು.