ಅರ್ಧ ಮುಖದ ಹೊಳಪು

ಅಂಗಡಿಯಲ್ಲಿ ಅವಳಿಗೆ ಅರ್ಧಮುಖದಕ್ಕ ಅಂತಲೇ ಹೆಸರು. ಬಾಗಿಲು ದಾಟುತ್ತಿದ್ದಂತೆ ಎಡಗಡೆ ಸಿಗುವ ಸೌಂದರ್ಯ ಸಾಮಗ್ರಿಗಳ ಕೌಂಟರ್ ಅವಳದು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖ ತೊಳೆಸಿ, ಬಲಗೆನ್ನೆಗೆ ಟೋನರ್, ಅದರ ಮೇಲೆ ಎಸೆನ್ಸ್, ಅದರ ಮೇಲೆ ಕ್ರೀಮು, ಕೊನೆಗೆ ಅದೇ ಕೆನ್ನೆಗೆ ಹನಿ ಚಿಮುಕಿಸುವ ಮಿಸ್ಟ್. ಎಡಗೆನ್ನೆಗೆ ಏನೂ ಇಲ್ಲ. ಆಮೇಲೆ ಕನ್ನಡಿ ಹಿಡಿದು, ‘ನೀವೇ ನೋಡಿ’ ಎನ್ನುವುದು. ತೊಳೆದು ಹಾಗೇ ಬಿಟ್ಟ ಕೆನ್ನೆ ಒಣಗಿ ಬಿಗಿದುಕೊಂಡು ಮಂಕಾಗಿರುತ್ತದೆ, ಇನ್ನೊಂದು ಪಳಪಳ ಅನ್ನುತ್ತದೆ. ಗಿರಾಕಿ ಬಾಯಿ ಬಿಟ್ಟುಕೊಂಡು ಟೋನರ್, ಎಸೆನ್ಸ್, ಮಿಸ್ಟ್ ಮೂರೂ ಬಾಟಲಿ ಎತ್ತಿಕೊಳ್ಳುತ್ತಾಳೆ. ಪಳಪಳ ಅಂದದ್ದು ಕ್ರೀಮು ಅಂತ ಒಬ್ಬಳಿಗಾದರೂ ಹೊಳೆಯಬೇಕಲ್ಲ! ಇಷ್ಟು ವರ್ಷದಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಅದಕ್ಕೇ ಅಕ್ಕನಿಗೆ ಗಿರಾಕಿಗಳೆಂದರೆ ಅಸಡ್ಡೆ.

ಅವಳ ಮುಖವೋ, ನಲವತ್ತು ದಾಟಿದರೂ ತಿದ್ದಿ ತೀಡಿದಂತಿತ್ತು. ಮನೆಯಲ್ಲಿ ಅವಳು ಬಳಸುತ್ತಿದ್ದದ್ದು ಚರ್ಮ ಒಣಗಿಸದ ಒಂದು ಸೌಮ್ಯ ಫೇಸ್‌ವಾಶ್, ಒಂದು ಸಾದಾ ಕ್ರೀಮು, ಬಿಸಿಲಿಗೆ ಸನ್‌ಸ್ಕ್ರೀನ್. ಅಷ್ಟೇ. ‘ನೀವು ಏನು ಹಚ್ಚುತ್ತೀರಿ?’ ಅಂತ ಗಿರಾಕಿಗಳು ಕೇಳಿದರೆ ಬಾಟಲಿಗಳ ಸಾಲಿನತ್ತ ಕೈ ತೋರಿಸುತ್ತಿದ್ದಳು. ಟೋನರ್ ಎಂಬುದು ಹಿಂದೆ ಗಡಸು ಸೋಪು ಬಿಟ್ಟುಹೋದ ಜಿಗುಟು ತೆಗೆಯಲು ಬಂದದ್ದು. ಈಗಿನ ಫೇಸ್‌ವಾಶ್ ಅಂಥದ್ದೇನೂ ಬಿಟ್ಟು ಹೋಗುವುದಿಲ್ಲ, ಒರೆಸಲು ಕಸವೇ ಇಲ್ಲದ ಮೇಲೆ ಪೊರಕೆ ಯಾಕೆ? ಎಸೆನ್ಸ್ ಅಂದರೆ ನೀರು ಹೆಚ್ಚು ಮಾಡಿ, ಗ್ಲಿಸರಿನ್ನಿನಂಥದ್ದು ಚೂರು ಸೇರಿಸಿದ ತೆಳು ದ್ರವ. ಆ ಚೂರು ಕ್ರೀಮಿನಲ್ಲೂ ಇದ್ದೇ ಇರುತ್ತದೆ. ಮಿಸ್ಟ್ ಅಂತೂ ತೇವ ಹಿಡಿದಿಡುವ ಜಿಡ್ಡಿಲ್ಲದ ಬರೀ ನೀರು, ಕ್ಷಣ ತಂಪು, ಆಮೇಲೆ ಹಾರಿಹೋಯಿತು. ಎಣ್ಣೆಮುಖದ, ರಂಧ್ರ ಕಟ್ಟಿಕೊಂಡು ಗುಳ್ಳೆ ಏಳುವವರಿಗೆ ಆಮ್ಲ ಹಾಕಿದ ಒಂದು ಬಗೆಯ ಟೋನರ್ ನಿಜಕ್ಕೂ ಕೆಲಸ ಮಾಡುತ್ತದೆ, ಅದನ್ನು ಅವಳು ಒಪ್ಪುತ್ತಿದ್ದಳು. ಆದರೆ ಅದು ಕಪಾಟಿನ ಕೆಳಗಿನ ಸಾಲಿನಲ್ಲಿ ಧೂಳು ತಿನ್ನುತ್ತಿತ್ತು, ಯಾಕೆಂದರೆ ಅದಕ್ಕೆ ಗುಲಾಬಿ ವಾಸನೆ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವಳು ಮಾರುತ್ತಿದ್ದಳು. ನಂಬುವವರು ಇರುವಾಗ ಮಾರುವವಳದೇನು ತಪ್ಪು ಅಂದುಕೊಂಡು ನಿಶ್ಚಿಂತೆಯಾಗಿದ್ದಳು. ಅವಳ ಚಿಂತೆಯೆಲ್ಲ ಕಾಲಿನದು. ಕೌಂಟರಿನ ಹಿಂದೆ ಕೂರುವಂತಿಲ್ಲ. ನಿಂತು ನಿಂತು ಮೀನಖಂಡದಲ್ಲಿ ನರಗಳು ಉಬ್ಬಿ ನೀಲಿಗಟ್ಟಿದ್ದವು. ಈಗ ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ಖಾಲಿಯಾಗಿತ್ತು. ಕಲಿಸುವ ಕೋಣೆಯಲ್ಲಿ ಒಂದು ಕುರ್ಚಿ ಇತ್ತು, ಒರಗು ಇರುವ ಕುರ್ಚಿ. ಆ ಬಾಟಲಿಗಳ ಕಂಪನಿಯ ಮೇಡಂ ಬಂದು, ಮಹಡಿಯ ಹಾಲಿನಲ್ಲಿ ಎಲ್ಲರೆದುರು ಅವಳು ಅರ್ಧಮುಖ ಮಾಡುವುದನ್ನು ನೋಡಿ ತೀರ್ಮಾನಿಸುತ್ತಾರೆಂದು ಗೊತ್ತಾಯಿತು. ಅವಳಿಗೆ ಆ ಕುರ್ಚಿ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಮುಖ ಕೊಡಲು ತಂಗಿಯನ್ನು ಕರೆತಂದಳು. ತಂಗಿ ಫೋನುಗಳಿಗೆ ಉತ್ತರಿಸುವ ಆಫೀಸಿನವಳು, ಇಡೀ ದಿನ ಏಸಿಯಲ್ಲಿ ಕೂರುವವಳು. ಅಕ್ಕ ಆಗಾಗ ಕೊಡುತ್ತಿದ್ದ ಸ್ಯಾಂಪಲ್ ಮಿಸ್ಟನ್ನು ಮೇಜಿನ ಮೇಲಿಟ್ಟುಕೊಂಡು ಗಳಿಗೆಗೊಮ್ಮೆ ಮುಖಕ್ಕೆ ಹೊಡೆದುಕೊಳ್ಳುತ್ತಿದ್ದಳು. ಅಕ್ಕನ ಅಂಗಡಿಯದು, ಅಕ್ಕ ಕೊಟ್ಟದ್ದು, ಇನ್ನೇನು ಬೇಕು? ಕ್ರೀಮು ಬಿಟ್ಟೇ ಬಿಟ್ಟಿದ್ದಳು, ಇಷ್ಟೊಂದು ನೀರು ಬೀಳುವಾಗ ಅದು ಯಾಕೆ ಅಂತ.

ಹಾಲಿನಲ್ಲಿ ಕುರ್ಚಿಗಳು ತುಂಬಿದವು. ಅಕ್ಕ ತಂಗಿಯ ಮುಖ ತೊಳೆಸಿ ಮೆತ್ತಗೆ ಒತ್ತಿ ಒರೆಸಿದಳು. ಕೆನ್ನೆ ಹೊಟ್ಟು ಎದ್ದು, ಮೂಗಿನ ಪಕ್ಕ ಕೆಂಪಗೆ ಬಿರುಕು ಬಿಟ್ಟಿತ್ತು. ಇಷ್ಟು ಹತ್ತಿರದಿಂದ ತಂಗಿಯ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಬಲಗೆನ್ನೆಗೆ ಟೋನರ್, ಎಸೆನ್ಸ್ ಹಚ್ಚಿದಳು. ಆಮೇಲೆ ಕ್ರೀಮು ಕೈಗೆ ತೆಗೆದುಕೊಂಡವಳು, ಚಿಕ್ಕಂದಿನಲ್ಲಿ ಅವಳಿಗೆ ಹಚ್ಚುತ್ತಿದ್ದ ಹಾಗೆ, ಎರಡೂ ಅಂಗೈಯಿಂದ ಎರಡೂ ಕೆನ್ನೆಗೆ ಸವರಿಬಿಟ್ಟಳು.

ಹಚ್ಚಿ ಮುಗಿದ ಮೇಲೆ ಗೊತ್ತಾಯಿತು. ಎಡಗೆನ್ನೆಗೆ ಕ್ರೀಮು! ಒರೆಸುವಂತಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಬಲಕ್ಕೆ ಮಿಸ್ಟ್ ಚಿಮುಕಿಸಿ, ತಂಗಿಯ ಕೈಗೆ ಕನ್ನಡಿ ಕೊಟ್ಟು ಅವಳ ಹಿಂದೆ ನಿಂತಳು. ಅಷ್ಟರಲ್ಲಿ ಮೇಡಂ ಫೋನು ಬಂತೆಂದು ಹೊರಗೆ ಹೋದರು. ಅವರು ಮಾತು ಮುಗಿಸಿ ಬರುವ ಹೊತ್ತಿಗೆ ಮಿಸ್ಟಿನ ಹಸಿ ಆರಿ, ಎರಡು ಕೆನ್ನೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಉಳಿದಿರಲಿಲ್ಲ.

ಮೇಡಂ ಎದುರಿಗೆ ನಿಂತು, ತಂಗಿಯ ಗದ್ದ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದರು. ತಮ್ಮ ಬಲಗೈ ಕಡೆಗಿದ್ದ ಕೆನ್ನೆಯೇ ತಂಗಿಯ ಬಲಗೆನ್ನೆ ಅಂದುಕೊಂಡರೋ ಏನೋ, ಎಡಗೆನ್ನೆಯನ್ನು ಬೆರಳಿನಿಂದ ತೋರಿಸಿ, “ನೋಡಿ ಈ ಕಡೆ! ಒಳಗಿಂದ ಬೆಳಕು ಬರ್ತಾ ಇದೆ. ಇದೇ ಎಸೆನ್ಸಿನ ಶಕ್ತಿ,” ಎಂದರು.

ಹಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು. ಮುಂದಿನ ಸಾಲಿನ ದಪ್ಪ ಕನ್ನಡಕದ ಹೆಂಗಸು, ಇಲ್ಲಿಗೇ ಕಾಣುತ್ತೆ ಅಂತ ಪಕ್ಕದವಳಿಗೆ ಹೇಳಿದಳು. ಕ್ಯಾಷಿಯರ್ ಕೂಡ ತಲೆದೂಗಿದ. ಚಪ್ಪಾಳೆಯೋ ಚಪ್ಪಾಳೆ. ಅಯ್ಯೋ ಕುರಿಗಳಾ, ಅಂದುಕೊಂಡಳು ಅಕ್ಕ. ಆ ಕೆನ್ನೆಗೆ ಟೋನರ್ ಸೋಕಿಲ್ಲ, ಎಸೆನ್ಸ್ ಸೋಕಿಲ್ಲ, ಸಾದಾ ಕ್ರೀಮಿಗೆ ಕೈ ತಟ್ಟುತ್ತಿದ್ದೀರಲ್ಲ. ನಗು ಉಕ್ಕಿ ಬಂತು. ಆಗ ಕನ್ನಡಿಯಲ್ಲಿ ತಂಗಿಯ ಕಣ್ಣು ಸಿಕ್ಕಿತು.

ತಂಗಿ ನಗುತ್ತಿರಲಿಲ್ಲ. ತುಟಿ ಅಲ್ಲಾಡಿಸದ ಹಾಗೆ ಮೆಲ್ಲಗೆ ಹೇಳಿದಳು: “ಅಕ್ಕ, ನೀನು ಅವೆಲ್ಲ ಹಚ್ಚಿದ್ದು ಬಲಗಡೆ. ಈ ಕಡೆ ಉರೀತಾ ಇದೆ.”

ಹೇಳಿಬಿಡಬಹುದಿತ್ತು. ಮೇಡಂ, ಅದು ಆ ಕೆನ್ನೆಯಲ್ಲ, ಅನ್ನಲು ಎಷ್ಟು ಹೊತ್ತು? ಅಕ್ಕ ಮೇಡಂ ಮುಖ ನೋಡಿದಳು, ತನ್ನ ಕಾಲು ನೋಡಿಕೊಂಡಳು, “ಹೌದು ಮೇಡಂ, ಎಸೆನ್ಸೇ,” ಎಂದಳು.

ಕುರ್ಚಿ ಅವಳದಾಯಿತು.

ಬಸ್ ಸ್ಟಾಪಿನವರೆಗೂ ತಂಗಿ ಬಲಗೆನ್ನೆಗೆ ಕರ್ಚೀಫು ಒತ್ತಿಕೊಂಡೇ ನಡೆದಳು. ಅಕ್ಕನೇ ಸಮಾಧಾನ ಹೇಳಿದಳು: ಟೋನರ್, ಎಸೆನ್ಸಿನಲ್ಲಿ ವಾಸನೆಗೆ ಹಾಕುವುದು ಬಿರಿದ ಚರ್ಮಕ್ಕೆ ಉರಿಯುತ್ತೆ, ಇಷ್ಟಕ್ಕೇ ಯಾಕೆ ಮುಖ ಊದಿಸಿಕೊಳ್ಳಬೇಕು, ಕ್ರೀಮು ಹಚ್ಚು ಸಾಕು, ಮಿಸ್ಟ್ ಬಿಡು, ಬರೀ ನೀರು ಹೊಡೆದು ಬಿಟ್ಟರೆ ಅದು ಆರಿಹೋದ ಮೇಲೆ ಮುಖ ಇನ್ನೂ ಬಿಗಿಯುತ್ತೆ ಅಂತ.

“ನಿಂಗೆ ಇದು ಮೊದಲೇ ಗೊತ್ತಿತ್ತಾ?” ಎಂದಳು ತಂಗಿ.

ಅಕ್ಕ ಬಸ್ಸು ಬರುವ ದಾರಿ ನೋಡಿದಳು. ಬಸ್ಸು ಬಂತು. ತಂಗಿ ಚೀಲದಿಂದ ಅರ್ಧ ಖಾಲಿಯಾದ ಮಿಸ್ಟಿನ ಬಾಟಲಿ ತೆಗೆದು ಅಕ್ಕನ ಕೈಗಿಟ್ಟಳು. “ತಗೋ. ಹುಡುಗೀರಿಗೆ ಕಲಿಸೋಕೆ ಬೇಕಾಗುತ್ತಲ್ಲ,” ಎಂದು ಹತ್ತಿ ಹೊರಟುಹೋದಳು.

ಈಗ ಅಕ್ಕ ಒರಗು ಕುರ್ಚಿಯಲ್ಲಿ ಕೂತು ಕಲಿಸುತ್ತಾಳೆ. ಕಾಲಿನ ನೋವು ಕಡಿಮೆಯಾಗಿದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇನ್ನೊಂದು ಕೆನ್ನೆಗೂ ಕ್ರೀಮು ಹಚ್ಚಲು ಹೋದಳು. ಅಕ್ಕ ಅವಳ ಕೈ ತಡೆದಳು.

“ಹಚ್ಚಬಾರದು. ಹಚ್ಚಿದ್ರೆ ಎರಡೂ ಕಡೆ ಒಂದೇ ಥರ ಕಾಣುತ್ತೆ.”

ಹೇಳಿ ಕಾದಳು. ಹಾಗಾದರೆ ಟೋನರ್ ಯಾಕೆ, ಎಸೆನ್ಸ್ ಯಾಕೆ ಅಂತ ಒಬ್ಬಳಾದರೂ ಕೇಳಲಿ ಅಂತ ಕಾದಳು. ಹುಡುಗಿಯರು ಸರಿ ಅಕ್ಕ ಎಂದು ತಲೆಯಾಡಿಸಿದರು. ಥೂ, ಇವಕ್ಕೂ ತಲೆಯಿಲ್ಲ, ಅಂದುಕೊಳ್ಳಲು ಹೊರಟವಳಿಗೆ ಅವರ ಹಿಂದಿದ್ದ ದೊಡ್ಡ ಕನ್ನಡಿಯಲ್ಲಿ ಕುರ್ಚಿಗೆ ಒರಗಿ ಕೂತ ಹೆಂಗಸು ಕಂಡಳು. ಆ ಥೂ ಅವಳ ಪಾಲಿಗೇ ಹೋಯಿತು. ತಂಗಿ ಅಂದಿನಿಂದ ಫೋನು ಮಾಡಿಲ್ಲ.