ಗುರುವಾರಕ್ಕೆ ಮುಂಚೆ ಹಾಕಿದ ಚೆಕ್ಕು

ನನಗೆ ಇಬ್ಬರು ಭಾವಂದಿರು. ದೊಡ್ಡಕ್ಕನ ಗಂಡ ಸೋಫಾ ಮಾರುತ್ತಾರೆ, ಚಿಕ್ಕಕ್ಕನ ಗಂಡ ಸೋಫಾ ಮಾಡುತ್ತಾರೆ. ಇಷ್ಟು ಹೇಳಿದರೆ ನಮ್ಮ ಮನೆಯ ಅರ್ಧ ಕಥೆ ಹೇಳಿದ ಹಾಗೆ. ಉಳಿದರ್ಧ ಚಿಕ್ಕ ಭಾವನ ಹೊಟ್ಟೆಕಿಚ್ಚು.

ಚಿಕ್ಕ ಭಾವನ ಕೆಲಸ ನೋಡಬೇಕು ನೀವು. ಹಳೇ ಸೋಫಾದ ಚರ್ಮ ಸುಲಿದು, ಕುಸಿದ ಸ್ಪ್ರಿಂಗುಗಳನ್ನು ದಾರದಿಂದ ಎಳೆದು ಕಟ್ಟಿ, ಮೇಲೆ ಫೋಮು ಹಾಸಿ, ಅಂಗೈಯಲ್ಲಿ ಒತ್ತಿ ನೋಡುತ್ತಾರೆ. ಬಾಯಲ್ಲಿ ಯಾವಾಗಲೂ ನಾಲ್ಕು ಸಣ್ಣ ಮೊಳೆ. ಮೊಳೆ ಕಚ್ಚಿಕೊಂಡೇ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾರೆ, ನನ್ನನ್ನು ಬೈಯುತ್ತಾರೆ, ಷಡ್ಡಕನ ಮೇಲೆ ಹಲ್ಲು ಮಸೆಯುತ್ತಾರೆ. ಶಾಲೆಯ ವ್ಯಾನು ಓಡಿಸುವ ನನಗೆ ಮಧ್ಯಾಹ್ನ ಪುರುಸೊತ್ತು. ಅವರ ಅಂಗಡಿಯಲ್ಲಿ ಫೋಮಿನ ರಾಶಿಯ ಮೇಲೆ ಮಲಗುವುದು ನನ್ನ ಅಭ್ಯಾಸ. ಹಾಗಾಗಿ ಅವರ ಹೊಟ್ಟೆಕಿಚ್ಚು ನನಗೆ ಪ್ರತಿದಿನದ ರೇಡಿಯೋ ಇದ್ದ ಹಾಗೆ.

ಅವರ ಸಂಕಟವೂ ಸುಳ್ಳಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಎಲ್ಲದಕ್ಕೂ ದೊಡ್ಡಳಿಯನನ್ನೇ ಕೇಳುತ್ತಾಳೆ. ನಲ್ಲಿ ಸೋರಿದರೂ, ನನಗೆ ಹೆಣ್ಣು ನೋಡಿದರೂ, ಕಣ್ಣಿನ ಡಾಕ್ಟರನ್ನು ಬದಲಾಯಿಸುವುದಾದರೂ, 'ದೊಡ್ಡಳಿಯಂದಿರು ಏನಂತಾರೋ ನೋಡೋಣ'. ನಲ್ಲಿಗೆ ವಾಷರ್ ಹಾಕುವವರು ಮಾತ್ರ ಚಿಕ್ಕ ಭಾವ. ಆ ಮನೆಯಲ್ಲಿ ತನ್ನ ಮಾತೂ ಒಂದು ಮಾತು ಅನ್ನಿಸಿಕೊಳ್ಳಬೇಕು, ಇದೊಂದೇ ಅವರ ಆಸೆ. ಅದಕ್ಕಾಗಿ ಎಷ್ಟು ಒದ್ದಾಡುತ್ತಿದ್ದರೆಂದರೆ, ನೋಡುವವರಿಗೆ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟೇ ಜಾಸ್ತಿ.

ದೊಡ್ಡ ಭಾವ ತಮ್ಮ ಅಂಗಡಿಗೆ ಬಂದ ಒಂದು ಲಾಡ್ಜಿನ ಆರ್ಡರನ್ನು ಚಿಕ್ಕ ಭಾವನಿಗೆ ಕೊಟ್ಟರು. ಕೆಲಸ ಮುಗಿಯಿತು, ಸೋಫಾಗಳು ಹೋದವು. ದೊಡ್ಡ ಭಾವ ತಾವೇ ಕಾರಿನಲ್ಲಿ ಬಂದು, ಚೆಕ್ಕು ಬರೆದು ಕೊಟ್ಟರು. ನಾನು ಫೋಮಿನ ಮೇಲೆ ಬಿದ್ದುಕೊಂಡು ಕೇಳುತ್ತಿದ್ದೆ.

"ಒಂದು ಮಾತು ಕಣಪ್ಪ. ಗುರುವಾರದ ತನಕ ಬ್ಯಾಂಕಿಗೆ ಹಾಕಬೇಡ. ಲಾಡ್ಜಿನವರ ದುಡ್ಡು ಅಷ್ಟೊತ್ತಿಗೆ ಬಂದು ಬೀಳುತ್ತೆ."

"ಹಂಗಾದ್ರೆ ಗುರುವಾರದ ತಾರೀಖೇ ಹಾಕಿಬಿಡಿ ಅಣ್ಣ."

"ಛೆ, ಮನೆಯವರಿಗೆ ಮುಂದಿನ ತಾರೀಖು ಹಾಕಿ ಕೊಡೋದಾ? ಅದು ಹೊರಗಿನವರಿಗೆ. ನಿನಗೆ ನನ್ನ ಬಾಯಿಮಾತು ಸಾಲದಾ?"

ಇದು ದೊಡ್ಡ ಭಾವನ ಜಂಬ. ಸೋಫಾದ ಚೌಕಟ್ಟಿಗೆ ಮರ ಕೊಡುವ ವ್ಯಾಪಾರಿಗೆ ಬೇಕಾದರೆ ಮುಂದಿನ ತಿಂಗಳ ತಾರೀಖು ಹಾಕಿಕೊಟ್ಟಾರು, ಷಡ್ಡಕನ ಮುಂದೆ ಮಾತ್ರ ಇವತ್ತಿನ ತಾರೀಖೇ ಆಗಬೇಕು. ಚಿಕ್ಕ ಭಾವ ತಲೆಯಾಡಿಸಿದರು. ಕಾರು ತಿರುವು ದಾಟಿದ ಮೇಲೆ ಬಾಯಿಂದ ಮೊಳೆಗಳನ್ನು ಉಗುಳಿ, ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದರು.

"ಖಾತೇಲಿ ಇಷ್ಟೂ ಇಲ್ವಂತೆ ಕಣೋ! ಕಾರಲ್ಲಿ ಓಡಾಡ್ತಾರೆ!" ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅವರ ಮದುವೆಯಲ್ಲೂ ಕಂಡಿರಲಿಲ್ಲ.

"ಭಾವ, ಗುರುವಾರ ಅಂದಿದ್ದಾರೆ," ಅಂದೆ.

"ಚೆಕ್ಕಿನ ಮೇಲೆ ಗುರುವಾರ ಅಂತ ಬರೆದಿದ್ಯಾ? ತಾರೀಖು ನೋಡು. ಬ್ಯಾಂಕಿನವರಿಗೆ ಬಾಯಿಮಾತು ಕೇಳಿಸಲ್ಲ."

ಮಾರನೆಯ ದಿನ, ಸೋಮವಾರ, ಒಗೆದ ಶರಟು ಹಾಕಿಕೊಂಡು ಬ್ಯಾಂಕಿಗೆ ಹೊರಟರು. ನನ್ನ ವ್ಯಾನಿನಲ್ಲೇ ಹೋದದ್ದು. ಚೀಟಿ ತುಂಬಿ, ಚೆಕ್ಕಿನ ಬೆನ್ನಿಗೆ ಖಾತೆ ನಂಬರು ಬರೆದು ಕಿಟಕಿಯಲ್ಲಿ ಕೊಟ್ಟರು. ಕಿಟಕಿಯ ಹಿಂದಿದ್ದ ಕನ್ನಡಕದ ಹೆಂಗಸು ಸೀಲು ಹೊಡೆದು ಅರ್ಧ ಚೀಟಿ ವಾಪಸು ಕೊಟ್ಟರು. "ಇವತ್ತು ಕ್ಲಿಯರಿಂಗಿಗೆ ಹೋಗುತ್ತೆ. ನಾಳೆ ಗೊತ್ತಾಗುತ್ತೆ," ಅಂದರು.

ಮಂಗಳವಾರ ಮಧ್ಯಾಹ್ನ ಫೋನು ಟಿಂಗೆಂದಿತು. ಓದಿದರು. ನನಗೂ ಓದಿಸಿದರು: ಚೆಕ್ಕು ಪಾವತಿಯಾಗದೆ ವಾಪಸಾಗಿದೆ. ಒಬ್ಬ ಮನುಷ್ಯ ತನಗೆ ಬರಬೇಕಾದ ದುಡ್ಡು ಬರಲಿಲ್ಲ ಅಂತ ಕುಣಿದಾಡಿದ್ದನ್ನು ನೋಡಿದ್ದು ಅದೇ ಮೊದಲು. ಅಂಗಡಿ ಬಾಗಿಲು ಹಾಕಿ, "ನಡಿ, ಕಾರಣ ಬರೆದ ಚೀಟಿ ಕೊಡ್ತಾರಂತೆ, ಇಸ್ಕೊಂಡು ಬರೋಣ," ಅಂದರು.

ಕನ್ನಡಕದ ಹೆಂಗಸು ಚೆಕ್ಕನ್ನೂ ಅದಕ್ಕೆ ಪಿನ್ನು ಹಾಕಿದ ಚೀಟಿಯನ್ನೂ ಕೊಟ್ಟು ಸಹಿ ಹಾಕಿಸಿಕೊಂಡರು. ಚೀಟಿಯಲ್ಲಿ ಕಾರಣದ ಎದುರಿಗೆ, ಖಾತೆಯಲ್ಲಿ ಹಣ ಸಾಲದು ಎಂದಿತ್ತು. ಭಾವ ಅದನ್ನು ಎರಡು ಸಲ ಓದಿ ಜೇಬಿಗಿಟ್ಟರು.

"ನಿಮ್ಮ ಖಾತೆಯಿಂದ ಶುಲ್ಕ ಕಡಿತ ಆಗಿದೆ, ನೋಡ್ಕೊಳ್ಳಿ," ಅಂದರು ಆಕೆ.

"ಯಾರ ಖಾತೆಯಿಂದ?"

"ನಿಮ್ಮದೇ."

"ನಂದ್ಯಾಕಮ್ಮ? ದುಡ್ಡಿಲ್ಲದೆ ಚೆಕ್ ಬರ್ದಿದ್ದು ಅವ್ರು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

"ನೀವು ಹಾಕಿದ ಚೆಕ್ಕು ವಾಪಸ್ ಬಂದ್ರೆ ನಮ್ಮ ಬ್ಯಾಂಕು ನಿಮಗೆ ಹಾಕುತ್ತೆ ಸ್ವಾಮಿ. ಬರೆದವರಿಗೆ ಅವರ ಬ್ಯಾಂಕು ಬೇರೆ ದಂಡ ಹಾಕುತ್ತೆ. ಅವರಿಗೆ ದುಡ್ಡು ಬರೋ ದಿನ ಕೇಳ್ಕೊಂಡು ಹಾಕಿದ್ರೆ ಇಬ್ಬರಿಗೂ ಉಳೀತಿತ್ತು."

ನಾನು ನೆಲ ನೋಡಿದೆ. ಭಾವ ಕಿಟಕಿಗೆ ಇನ್ನಷ್ಟು ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಅವ್ರಿಗೆ ಹಾಕಿರೋದು ನಂದಕ್ಕಿಂತ ಜಾಸ್ತೀನಾ?"

ಆಕೆ ಕನ್ನಡಕ ತೆಗೆದು ಇವರನ್ನು ನೋಡಿದರು. "ಅವರ ಬ್ಯಾಂಕಿನ ದರ ನಂಗೊತ್ತಿಲ್ಲ. ಸಾಮಾನ್ಯವಾಗಿ ಬರೆದವರಿಗೇ ಜಾಸ್ತಿ."

ಭಾವ ನೆಟ್ಟಗಾದರು. ಮುಖದಲ್ಲಿ ಮತ್ತೆ ಕಳೆ. ನನ್ನದೊಂದು ಕಣ್ಣು ಹೋದರೂ ಪರವಾಗಿಲ್ಲ, ಅವನ ಎರಡೂ ಹೋಗಲಿ ಎಂದು ಕಥೆಯಲ್ಲಿ ವರ ಕೇಳಿದವನು, ವಾಪಸು ಬರುವಾಗ ನನ್ನ ವ್ಯಾನಿನಲ್ಲೇ ಮುಂದಿನ ಸೀಟಿನಲ್ಲಿ ಕೂತಿದ್ದ.

ಸಂಜೆ ಅಮ್ಮನ ಮನೆಯಲ್ಲಿ ಎಲ್ಲರೂ ಸೇರುವುದಿತ್ತು. ಮನೆಗೆ ಸುಣ್ಣಬಣ್ಣ ಮಾಡಿಸುವ ವಿಚಾರ. ಅಮ್ಮ ಎಂದಿನಂತೆ ದೊಡ್ಡ ಭಾವನ ಅಭಿಪ್ರಾಯಕ್ಕೆ ಕಾಯುತ್ತಿದ್ದಳು. ದೊಡ್ಡ ಭಾವ ತಡವಾಗಿ ಬಂದರು. ಹಿಂದೆಯೇ ಬಂದ ದೊಡ್ಡಕ್ಕನ ಕಣ್ಣು ಊದಿಕೊಂಡಿತ್ತು. ಚಿಕ್ಕ ಭಾವ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ. ಅಮ್ಮ ಕಾಫಿ ಲೋಟ ಕೆಳಗಿಡುವ ಮೊದಲೇ ಚೀಟಿ ತೆಗೆದು ಅವಳ ಮುಂದೆ ಹಿಡಿದರು.

"ಅತ್ತೆ, ಇದನ್ನ ನೋಡಿ. ಅಣ್ಣ ಕೊಟ್ಟ ಚೆಕ್ಕು ವಾಪಸ್ ಬಂದಿದೆ. ದುಡ್ಡಿಲ್ಲವಂತೆ. ಮೇಲೆ ನನಗೂ ದಂಡ. ಕಷ್ಟಪಟ್ಟು ದುಡಿಯೋನು ನಾನು, ನನ್ನ ಖಾತೆಗೆ ಕನ್ನ."

ಅಮ್ಮ ಚೀಟಿಯನ್ನು ದೂರ ಹಿಡಿದು ನೋಡಿದಳು, ಏನೂ ತಿಳಿಯಲಿಲ್ಲ. ತಿಳಿದದ್ದು ಚಿಕ್ಕಕ್ಕನಿಗೆ. ಅವಳು ಗಂಡನನ್ನೇ ದಿಟ್ಟಿಸಿದಳು. ಹದಿನೈದು ವರ್ಷ ಸಂಸಾರ ಮಾಡಿದವಳು. ಈ ಮನುಷ್ಯ ಖುಷಿಯಾದಾಗ ಕಿವಿ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತು.

"ರೀ, ಈಗಲೇ ಹಾಕಬೇಡ ಅಂತ ಭಾವ ನಿಮಗೇನೂ ಹೇಳಿರಲಿಲ್ವಾ?"

ಚಿಕ್ಕ ಭಾವ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಬೇಕೆಂದಿದ್ದೆ. ಅಷ್ಟರಲ್ಲಿ ದೊಡ್ಡ ಭಾವನೇ ಮಾತಾಡಿದರು.

"ಇಲ್ಲಮ್ಮ. ತಪ್ಪು ನಂದೇ. ಗುರುವಾರ ಹಾಕು ಅಂತ ಹೇಳಬೇಕಿತ್ತು, ಮರೆತೆ. ಅವನ ದಂಡದ ದುಡ್ಡೂ ನಾನೇ ಕೊಡ್ತೀನಿ."

"ನೋಡಿದ್ರಾ ದೊಡ್ಡಳಿಯಂದಿರ ಗುಣಾನ," ಅಂದಳು ಅಮ್ಮ, ಚೀಟಿಯನ್ನು ಮಡಚುತ್ತ.

ಅಲ್ಲಿಗೆ ಮುಗಿಯಬೇಕಿತ್ತು. ಚಿಕ್ಕ ಭಾವ ಪಾರಾಗಿದ್ದರು. ದುಡ್ಡು ಬರುತ್ತಿತ್ತು, ದಂಡವೂ ಬರುತ್ತಿತ್ತು, ಹೆಂಡತಿಯ ಅನುಮಾನವೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕಾಫಿ ಕುಡಿದರೆ ಸಾಕಿತ್ತು. ಆದರೆ ಅವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಚೆಕ್ಕು ವಾಪಸಾದರೂ ದೊಡ್ಡ ಮನುಷ್ಯ ಅನ್ನಿಸಿಕೊಂಡದ್ದು ಆತನೇ! ಆ ಒಳ್ಳೆಯತನವನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ.

"ಸುಳ್ಳು!" ಎದ್ದೇ ನಿಂತರು. "ಹೇಳಿದ್ರು ಅತ್ತೆ. ಗುರುವಾರದ ತನಕ ಹಾಕಬೇಡ ಅಂತ ಸರಿಯಾಗೇ ಹೇಳಿದ್ರು. ಇವನೂ ಕೇಳಿಸ್ಕೊಂಡಿದ್ದಾನೆ. ನಾನೇ ಬೇಕಂತ ಹಾಕ್ದೆ. ನನ್ನನ್ನ ಉಳಿಸಿ ಇವರು ದೊಡ್ಡವರಾಗೋದು ಬೇಡ!"

ಪಶ್ಚಾತ್ತಾಪದಿಂದ ತಪ್ಪು ಒಪ್ಪಿಕೊಂಡವರನ್ನು ಕಂಡಿದ್ದೇನೆ. ಹೊಟ್ಟೆಕಿಚ್ಚಿನಿಂದ ಒಪ್ಪಿಕೊಂಡವರು ನಮ್ಮ ಚಿಕ್ಕ ಭಾವ ಒಬ್ಬರೇ.

ಮೊದಲು ಸಿಡಿದದ್ದು ದೊಡ್ಡಕ್ಕ. "ಬೇಕಂತ ಹಾಕಿದ್ರಾ? ಇದು ವಾಪಸ್ ಬಂದ ಇವರ ಎಷ್ಟನೇ ಚೆಕ್ಕು ಗೊತ್ತಾ ನಿಮಗೆ? ಇನ್ನೊಂದು ವಾಪಸ್ ಬಂದ್ರೆ ಚೆಕ್ ಪುಸ್ತಕ ಕೊಡಲ್ಲ ಅಂತ ಬ್ಯಾಂಕಿನವರು ಮೊದಲೇ ಹೇಳಿದ್ರು. ಇವತ್ತು ಫೋನ್ ಮಾಡಿ ಇಲ್ಲ ಅಂದೇಬಿಟ್ರು. ಚೆಕ್ ಇಲ್ಲದೆ ಮರದ ಸಾಹುಕಾರರು ಒಂದು ಹಲಗೇನೂ ಕೊಡಲ್ಲ. ಅಂಗಡಿ ಹೇಗೆ ನಡೆಸೋದು?"

ದೊಡ್ಡ ಭಾವ ಅವಳನ್ನು ಸುಮ್ಮನಿರಿಸಲು ಕೈ ಎತ್ತಿದರು, ಆ ಕೈ ಅರ್ಧಕ್ಕೇ ಇಳಿಯಿತು. ಚಿಕ್ಕ ಭಾವನ ಮೇಲೆ ರೇಗಲಿಲ್ಲ. ರೇಗಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು.

"ನನ್ನ ಹತ್ರ ಏನಿದೆ ಅಂತ ಹೊಟ್ಟೆ ಉರ್ಕೊಂಡೆಯಪ್ಪ?" ಅಂದರು. "ಕಾರು ಸಾಲದ್ದು. ಅಂಗಡಿಯ ಗಾಜಿನ ಬಾಗಿಲೂ ಸಾಲದ್ದು. ನೀನು ಒಂದು ದಬ್ಬಳ, ಒಂದು ಸುತ್ತಿಗೆ ಹಿಡ್ಕೊಂಡು ಎಲ್ಲಿ ಕೂತ್ರೂ ಅನ್ನ ಹುಟ್ಟುತ್ತೆ. ಎಷ್ಟು ದಿನ ನಿನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ, ಒಳಗೆ ಬರದೆ ನೋಡ್ಕೊಂಡು ಹೋಗಿದ್ದೀನಿ, ಗೊತ್ತಾ?"

ಅಮ್ಮನ ಕಣ್ಣು, ದೊಡ್ಡಕ್ಕನ ಕಣ್ಣು, ನನ್ನ ಕಣ್ಣು ಎಲ್ಲ ದೊಡ್ಡ ಭಾವನ ಮೇಲೆಯೇ. ಅಮ್ಮ ಎದ್ದು ಹೋಗಿ ಅವರ ಬೆನ್ನು ಸವರಿದಳು. ಚಿಕ್ಕ ಭಾವ ನಡುಮನೆಯ ಮಧ್ಯೆ ನಿಂತೇ ಇದ್ದರು. ಕೂರಿ ಎಂದು ಹೇಳುವುದು ಯಾರಿಗೂ ನೆನಪಾಗಲಿಲ್ಲ. ಅಲ್ಲಿಂದಲೇ, "ನನ್ನ ಹೆಸರಲ್ಲೂ ಚೆಕ್ ಪುಸ್ತಕ ಇದೆ. ಮರದವರಿಗೆ ನಾನು ಬರ್ದು ಕೊಡ್ತೀನಿ, ದುಡ್ಡು ಬಂದ ಮೇಲೆ ತುಂಬಿ," ಅಂದರು. ಮೊಳೆ ಕಚ್ಚಿಕೊಂಡೇ ಮಾತಾಡಿದ ಹಾಗಿತ್ತು. ಅಮ್ಮನ ಸಮಾಧಾನದ ಮಾತಿನ ನಡುವೆ ದೊಡ್ಡ ಭಾವನಿಗೆ ಅದು ಕೇಳಿಸಿತೋ ಇಲ್ಲವೋ.

ಗಂಡ ಹೆಂಡತಿ ಇಬ್ಬರನ್ನೂ ನಾನೇ ವ್ಯಾನಿನಲ್ಲಿ ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ಚಿಕ್ಕಕ್ಕ ಹೊರಗೆ ನೋಡುತ್ತಿದ್ದಳು. ಚಿಕ್ಕ ಭಾವ ತಮ್ಮ ಬೀದಿಯ ತಿರುವಿನ ತನಕ ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ತಪ್ಪು ಒಪ್ಕೊಂಡಿದ್ದು ನಾನು. ಆದ್ರೂ ಎಲ್ಲರೂ ನೋಡಿದ್ದು ಅವರನ್ನೇ."

"ನಾನು ನಿಮ್ಮನ್ನೇ ನೋಡ್ತಿದ್ದೆ," ಅಂದಳು ಚಿಕ್ಕಕ್ಕ.